ಮೊದಲ ಸಾಲಿನಲ್ಲಿ ಮೈದುನ

ನನ್ನ ಮೈದುನನಿಗೆ ಅವನ ಆಸ್ಪತ್ರೆಯಲ್ಲಿ ‘ಆಯ್ತು ಬಿಡಿ’ ಎಂದೇ ಹೆಸರು. ಅಲ್ಲಿನ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವನು. ಯಾರು ಏನೇ ಕೇಳಲಿ, ತನ್ನಿಂದ ಆಗುತ್ತದೋ ಇಲ್ಲವೋ ಎಂದು ಯೋಚಿಸುವ ಮೊದಲೇ ಬಾಯಿಂದ ‘ಆಯ್ತು ಬಿಡಿ’ ಉದುರಿರುತ್ತದೆ. ಇಂಥವನ ಹೆಸರನ್ನು ನನ್ನ ಅರ್ಜಿಯ ನೆತ್ತಿಯ ಮೇಲೆ ಕೂರಿಸಿಕೊಂಡೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು!

ಕೂರಿಸಿಕೊಳ್ಳದೆ ಗತಿ ಇರಲಿಲ್ಲ. ಹನ್ನೊಂದು ವರ್ಷ ನಾನು ಫಾರ್ಮಸಿಸ್ಟ್ ಆಗಿದ್ದ ಔಷಧಿ ಅಂಗಡಿ ಬಾಗಿಲು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಹತ್ತೊಂಬತ್ತು ಕಡೆ ಮೇಲ್ ಕಳಿಸಿದ್ದೆ. ಹದಿನೇಳು ಕಡೆಯಿಂದ ಸದ್ದೇ ಇಲ್ಲ, ಎರಡು ಕಡೆಯಿಂದ ‘ನಿಮ್ಮ ಅರ್ಜಿ ತಲುಪಿದೆ’ ಎಂದು ಯಂತ್ರ ಕಳಿಸಿದ ಉತ್ತರ. ಬೆಳಿಗ್ಗೆ ತಲೆ ಬಾಚಿಕೊಂಡು, ಹೋಗಲು ಜಾಗವಿಲ್ಲದೆ ಕೂತಾಗ, ನಲವತ್ತಾರಕ್ಕೇ ನಾನು ಯಾರಿಗೂ ಬೇಡವಾದೆನೇನೋ ಎನಿಸುತ್ತಿತ್ತು. ಕೈ ಸುಮ್ಮನಿರದೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ, ಕೊಂಡ ತಾರೀಖಿನ ಪ್ರಕಾರ ಜೋಡಿಸಿಟ್ಟೆ. ನಮ್ಮ ಮನೆಯವರಿಗೆ ಮೂರು ದಿನ ಸಕ್ಕರೆ ಸಿಗಲಿಲ್ಲ. ಪಾಪ, ಸಪ್ಪೆ ಚಹಾ ಕುಡಿದರು.

ಆಗ ಒಂದು ಭಾನುವಾರ ಮೈದುನ ಬಂದು, ತನ್ನ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಒಂದು ಫಾರ್ಮಸಿಸ್ಟ್ ಹುದ್ದೆ ಖಾಲಿಯಿದೆ ಎಂದ. ನಾನು ಅಲ್ಲೇ ಊಟದ ಮೇಜಿನ ಮೇಲೆ ಮೇಲ್ ಬರೆದು ತೋರಿಸಿದೆ. ಅವನು ಓದಿದ, ಕೆಳಗೆ ಸರಿಸಿದ, ಇನ್ನೂ ಕೆಳಗೆ ಸರಿಸಿದ.

“ಅತ್ತಿಗೆ, ಇದರಲ್ಲಿ ನಾನೆಲ್ಲಿದ್ದೀನಿ?”

“ಇದ್ದೀಯಪ್ಪ. ಕೊನೇಲಿ ನೋಡು, ವಂದನೆಗಳ ಮೇಲೆ.”

“ಅಲ್ಲಿವರೆಗೆ ಯಾರು ಬರ್ತಾರೆ? ನಮ್ಮ ಎಚ್‌ಆರ್ ಮೇಡಂ ದಿನಕ್ಕೆ ನೂರು ಮೇಲ್ ನೋಡ್ತಾರೆ. ಎರಡು ಮೂರು ಸಾಲು ಓದಿ, ಮುಂದೆ ಓದೋದೋ ಬೇಡ್ವೋ ಅಂತ ತೀರ್ಮಾನ ಮಾಡ್ತಾರೆ. ಒಳಗಿರೋರು ಹೇಳಿ ಕಳಿಸಿದ್ದು ಅಂತ ಮೊದಲೇ ಕಂಡ್ರೆ ಪೂರ್ತಿ ಓದ್ತಾರೆ.”

“ಹನ್ನೊಂದು ವರ್ಷದ ಅನುಭವಕ್ಕಿಂತ ನೀನು ಮೇಲೋ?”

“ಅನುಭವ ಎಲ್ಲರಿಗೂ ಇದೆ. ಮೈದುನ ಎಲ್ಲರಿಗೂ ಇದ್ದಾನಾ?”

ಈ ಮಾತಿಗೆ ನಮ್ಮ ಮನೆಯವರು ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆದರೆ ಹತ್ತೊಂಬತ್ತು ಮೇಲ್‌ಗಳ ಗತಿ ನೆನೆದು ಅವನ ಹೆಸರನ್ನು ಮೇಲಕ್ಕೆ ತಂದೆ.

ಅಲ್ಲಿಗೂ ಜಗಳ ಮುಗಿಯಲಿಲ್ಲ. ಮೈದುನ ಅಂತ ಬರೆಯಬೇಡಿ, ಪರಿಚಯದವರು ಅನ್ನಿ, ಇಲ್ಲದಿದ್ದರೆ ಮನೆಯವರನ್ನೇ ತುಂಬಿಸ್ತಿದ್ದಾನೆ ಅಂದ್ಕೋತಾರೆ ಎಂದು ಅವನ ಹಟ. ನಾಳೆ ಹೇಗೂ ಗೊತ್ತಾಗುವುದನ್ನು ಇವತ್ತು ಮುಚ್ಚಿಟ್ಟರೆ ಇಬ್ಬರೂ ಕಳ್ಳರಾಗುತ್ತೇವೆ ಎಂದು ನನ್ನ ಹಟ. ಕೊನೆಗೆ ಗೆದ್ದವಳು ನಾನೇ. ಮೊದಲ ಸಾಲಿನಲ್ಲಿ ಯಾವ ಹುದ್ದೆಗೆ ಅರ್ಜಿ ಎಂಬುದು. ಅದರ ಪಕ್ಕದಲ್ಲೇ ಅವನ ಪೂರ್ತಿ ಹೆಸರು, ಮತ್ತು ಹೀಗೆ:

‘ನಿಮ್ಮ ನಿರ್ವಹಣಾ ವಿಭಾಗದಲ್ಲಿ ಆರು ವರ್ಷಗಳಿಂದ ಲಿಫ್ಟ್ ಮೆಕ್ಯಾನಿಕ್ ಆಗಿರುವ ಇವರು ಈ ಹುದ್ದೆಯ ವಿಷಯ ತಿಳಿಸಿ, ಅರ್ಜಿ ಹಾಕಲು ಹೇಳಿದರು. ಇವರು ನನ್ನ ಮೈದುನ. ನನ್ನ ಜೊತೆ ಕೆಲಸ ಮಾಡಿದವರಲ್ಲ, ಆದರೆ ನಾನಿದ್ದ ಅಂಗಡಿಗೆ ಗಿರಾಕಿಯಾಗಿ ಬಂದು ನನ್ನ ಕೆಲಸ ಕಂಡವರು.’

“ನಿನ್ನ ಹೆಸರು ಹಾಕಿದ್ದೀನಿ, ಒಪ್ಪಿಗೆ ಇದೆ ತಾನೇ? ಅವರು ಕರೆದು ಕೇಳಿದ್ರೆ ಏನು ಹೇಳ್ತೀಯ?”

“ಆಯ್ತು ಬಿಡಿ ಅತ್ತಿಗೆ,” ಎಂದ.

ಬುಧವಾರ ಸಂಜೆ ಮತ್ತೆ ಬಂದ. ಕೈಗೆ ಮೆತ್ತಿದ ಗ್ರೀಸನ್ನೂ ತೊಳೆದಿರಲಿಲ್ಲ. ಇವನು ಹಾಗೆ ಬಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

“ಮೇಡಂ ಕರೆದಿದ್ರು,” ಎಂದ. “ಆ ಹುದ್ದೆಗೆ ಬಂದ ಮೇಲ್‌ಗಳಲ್ಲಿ ಒಂಬತ್ತರಲ್ಲಿ ಮೊದಲ ಸಾಲಿನಲ್ಲೇ ನನ್ನ ಹೆಸರಿದೆಯಂತೆ.”

“ಒಂಬತ್ತಾ?”

“ನಿಮ್ಮದೂ ಸೇರಿ.”

ಉಳಿದ ಎಂಟು ಜನ ಯಾರು ಎಂದು ಗದರಿಸಿ ಕೇಳಿದೆ. ಒಬ್ಬ ಕ್ಯಾಂಟೀನಿನಲ್ಲಿ ಎದುರು ಕೂತಿದ್ದವನು. ಇಬ್ಬರು ಅವನ ಸ್ನೇಹಿತನ ಸ್ನೇಹಿತರು. ಒಬ್ಬಳು ಎರಡನೇ ಮತ್ತು ಮೂರನೇ ಮಹಡಿಗಳ ಮಧ್ಯೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹುಡುಗಿ. ಹೊರಗಿನಿಂದ ಬಾಗಿಲು ಬಿಡಿಸುತ್ತಾ, ಅವಳ ಗಾಬರಿ ಕಳೆಯಲಿ ಎಂದು ಏನು ಓದಿದ್ದೀಯಮ್ಮಾ ಎಂದು ಮಾತಿಗೆಳೆದಿದ್ದಾನೆ. ಫಾರ್ಮಸಿ ಎಂದಳಂತೆ. ಇಲ್ಲೇ ಕೆಲಸ ಇದೆ, ನನ್ನ ಹೆಸರು ಹಾಕು ಎಂದನಂತೆ. ಬಾಗಿಲು ತೆರೆಯುವಷ್ಟರಲ್ಲಿ ಶಿಫಾರಸು ಮುಗಿದಿತ್ತು!

“ಉಳಿದ ನಾಲ್ಕು ಜನ?”

“ನೆನಪಿಲ್ಲ ಅತ್ತಿಗೆ.”

ನನಗೆ ಅಳು ಬಂತು. ನಿಜಕ್ಕೂ ಬಂತು. ಬೇಡ ಬೇಡವೆಂದರೂ ನನ್ನ ಅನುಭವವನ್ನು ಕೆಳಗಿಳಿಸಿ ಇವನನ್ನು ಮೇಲೆ ಕೂರಿಸಿದ್ದೆ. ಈಗ ಆ ಹೆಸರಿಗೆ ಮೂರು ಕಾಸಿನ ಬೆಲೆಯಿಲ್ಲ. ಇಪ್ಪತ್ತನೆಯ ಮೇಲ್ ಕೂಡ ಆ ಹತ್ತೊಂಬತ್ತರ ಹಾದಿ ಹಿಡಿಯಿತು ಎಂದುಕೊಂಡೆ.

“ಅಳಬೇಡಿ,” ಎಂದು ಅವನು ಜೇಬಿನಿಂದ ಮಡಚಿದ ಹಾಳೆಗಳನ್ನು ತೆಗೆದ. ಒಂಬತ್ತು ಫಾರ್ಮುಗಳು. ಒಬ್ಬೊಬ್ಬರಿಗೂ ಒಂದು. ಇವರು ನಿಮಗೆ ಹೇಗೆ ಗೊತ್ತು, ಎಷ್ಟು ಕಾಲದಿಂದ ಗೊತ್ತು, ಇವರ ಕೆಲಸವನ್ನು ನೀವು ಕಣ್ಣಾರೆ ಕಂಡಿದ್ದೀರಾ, ಕಂಡಿದ್ದರೆ ಒಂದು ಉದಾಹರಣೆ ಕೊಡಿ. ಕೆಳಗೆ ಸಹಿ. ನಾಳೆ ಬೆಳಿಗ್ಗೆ ಕೊಡಬೇಕು.

“ಎಲ್ಲರಿಗೂ ‘ಚೆನ್ನಾಗಿ ಗೊತ್ತು’ ಅಂತ ಬರೆದುಬಿಡ್ಲಾ? ಎಂಟು ಜನರಿಗೆ ಮಾತು ಕೊಟ್ಟಿದ್ದೀನಲ್ಲ.”

“ಹಾಗೆ ಬರೆದರೆ ನಾನು ನನ್ನ ಅರ್ಜೀನ ವಾಪಸ್ ತಗೋತೀನಿ,” ಎಂದೆ. “ಗೊತ್ತಿಲ್ಲದವರ ಬಗ್ಗೆ ಗೊತ್ತಿಲ್ಲ ಅಂತ ಬರಿ. ನಾಚಿಕೆ ಆಗುತ್ತಾ? ಆಗ್ಲಿ. ಆ ಹುಡುಗಿ ಒಳ್ಳೆ ಕೆಲಸಗಾರಳೇ ಇರಬಹುದು, ಅದನ್ನ ಅವಳ ಅರ್ಜಿ ಹೇಳ್ಲಿ. ನಿನ್ನ ಸುಳ್ಳು ಯಾಕೆ ಬೇಕು?”

ಮುಖ ಸಣ್ಣಗೆ ಮಾಡಿಕೊಂಡು ಬರೆಯಲು ಕೂತ. ಎಂಟು ಫಾರ್ಮುಗಳು ಹತ್ತು ನಿಮಿಷದಲ್ಲಿ ಮುಗಿದವು. ಒಂಬತ್ತನೆಯದಕ್ಕೆ ಅರ್ಧ ಗಂಟೆ ಹಿಡಿಯಿತು. ಇಣುಕಲು ಹೋದರೆ ಪರೀಕ್ಷೆಯಲ್ಲಿ ಕೂತ ಮಗುವಿನ ಹಾಗೆ ಕೈ ಅಡ್ಡ ಇಟ್ಟ. “ನೀವು ನೋಡಂಗಿಲ್ಲ,” ಎಂದ. ಏನು ಗೀಚಿದನೋ ಎಂದು ನನಗೆ ನಾಲ್ಕು ದಿನ ಊಟ ಸೇರಲಿಲ್ಲ.

ಸೋಮವಾರ ಸಂದರ್ಶನಕ್ಕೆ ಕರೆ ಬಂತು.

ಮೂರನೇ ಮಹಡಿಯ ಚಿಕ್ಕ ಕೋಣೆ. ಎಚ್‌ಆರ್ ಮೇಡಂ ಮತ್ತು ಆಸ್ಪತ್ರೆಯ ಹಿರಿಯ ಫಾರ್ಮಸಿಸ್ಟ್, ಇಬ್ಬರೇ. ಹಿರಿಯರು ಒಂದು ಔಷಧಿ ಚೀಟಿ ಮುಂದೆ ತಳ್ಳಿ, “ಇದಕ್ಕೆ ಔಷಧಿ ಕೊಡಿ ನೋಡೋಣ,” ಎಂದರು. ಜ್ವರಕ್ಕೊಂದು ಮಾತ್ರೆ, ನೆಗಡಿಗೊಂದು. ಹೆಸರು ಬೇರೆ ಬೇರೆ, ಒಳಗೆ ಇರುವ ಜ್ವರದ ಔಷಧಿ ಒಂದೇ. ಎರಡನ್ನೂ ಬರೆದ ಹಾಗೆ ನುಂಗಿದರೆ ದಿನದ ಮಿತಿ ಮೀರುತ್ತದೆ.

“ಕೊಡಲ್ಲ ಸಾರ್,” ಎಂದೆ. “ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳ್ತೀನಿ.”

“ರೋಗಿ ಅವಸರದಲ್ಲಿದ್ದಾರೆ. ಬೈತಾರೆ.”

“ಬೈದ್ರೆ ಬೈಸ್ಕೋತೀನಿ. ಅಭ್ಯಾಸ ಇದೆ.”

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾಕೆಂದು ನನಗೆ ತಿಳಿಯಲಿಲ್ಲ.

“ಒಂದು ವಿಷಯ ಹೇಳ್ತೀನಿ,” ಎಂದರು ಮೇಡಂ. “ಎಂಟು ಮೇಲ್‌ಗಳಲ್ಲಿ ‘ಇವರು ನನ್ನನ್ನು ಶಿಫಾರಸು ಮಾಡಿದ್ದಾರೆ’ ಅಂತ ಇತ್ತು, ಅಷ್ಟೇ. ಹೇಗೆ ಗೊತ್ತು, ಏನು ಗೊತ್ತು ಅಂತ ಬರೆದದ್ದು ನೀವೊಬ್ಬರೇ. ಮೈದುನ ಅಂತಾನೂ ನೀವೇ ಹೇಳಿದ್ರಿ. ಹಾಗಾಗಿ ಅವರ ಫಾರ್ಮಿಗೆ ಕಾದೆ. ಅಲ್ದೆ ಲಿಫ್ಟ್ ಮೆಕ್ಯಾನಿಕ್ ಫಾರ್ಮಸಿಸ್ಟ್ ಬಗ್ಗೆ ಏನು ಬರೀತಾರೆ ಅಂತ ನಮಗೂ ಕುತೂಹಲ ಇತ್ತು. ನೀವು ಓದಿದ್ದೀರಾ?”

“ಇಲ್ಲ ಮೇಡಂ. ಕೈ ಅಡ್ಡ ಇಟ್ಟಿದ್ದ.”

ಮೇಡಂ ಹಾಳೆ ತೆಗೆದು ಓದಿದರು.

‘ಐದು ವರ್ಷದ ಹಿಂದೆ ನನ್ನ ತಾಯಿಯ ನಿದ್ದೆ ಮಾತ್ರೆ ಮುಗಿದಿತ್ತು. ಹಳೇ ಚೀಟಿ ಹಿಡಿದು ಅತ್ತಿಗೆಯ ಅಂಗಡಿಗೆ ಹೋದೆ. ಕೊಡಲಿಲ್ಲ. ಡಾಕ್ಟರಿಗೆ ತೋರಿಸಿ ಹೊಸ ಚೀಟಿ ತಾ ಅಂದರು. ನಿಮ್ಮ ಅತ್ತೆಗೇ ಕೊಡಲ್ವಾ, ನೀವೊಂದು ಹೆಂಗಸಾ ಅಂತ ಗಿರಾಕಿಗಳ ಮುಂದೆ ಕೂಗಾಡಿದೆ. ಅವರು ತಲೆ ತಗ್ಗಿಸಿ ಮುಂದಿನವರ ಚೀಟಿ ತಗೊಂಡರು. ಎರಡು ತಿಂಗಳು ಅವರ ಮನೆಗೆ ಹೋಗಲಿಲ್ಲ. ಆದರೆ ಆ ಜಗಳದ ಮರುದಿನವೇ ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಮ್ಮ ತಲೆ ಸುತ್ತಿ ಬೀಳ್ತಿದ್ದದ್ದು ಆ ಮಾತ್ರೆಯಿಂದಲೇ ಅಂದರು. ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಅಮ್ಮ ಈಗ ನೆಟ್ಟಗೆ ನಡೀತಾರೆ. ಇದನ್ನು ಅತ್ತಿಗೆಗೆ ಹೇಳಬೇಡ ಅಂತ ಅಮ್ಮನಿಗೂ ಹೇಳಿದ್ದೆ. ನನಗೆ ಮುಖ ಇರಲಿಲ್ಲ. ನಾನು ಎಲ್ಲದಕ್ಕೂ ಹೂಂ ಅನ್ನೋನು. ಔಷಧಿ ಕೊಡೋ ಜಾಗದಲ್ಲಿ ನನ್ನಂಥೋರು ಇರಬಾರದು, ಅವರು ಇರಬೇಕು.’

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಾನೊಂದು ಹೆಂಗಸಾ ಎಂಬ ಮಾತು ಐದು ವರ್ಷ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅವನು ಮತ್ತೆ ಮನೆಗೆ ಬರತೊಡಗಿದಾಗ ನಾನೂ ಏನೂ ಆಗದವಳ ಹಾಗೆ ತಟ್ಟೆ ಹಾಕಿದ್ದೆ. ಮನಸ್ಸಿನಲ್ಲಿ ಮಾತ್ರ, ಇವನು ನನ್ನನ್ನು ಕ್ಷಮಿಸಿಲ್ಲ, ಅತ್ತೆಯೂ ಕ್ಷಮಿಸಿಲ್ಲ ಎಂದೇ ಅಂದುಕೊಂಡಿದ್ದೆ. ಸಂದರ್ಶನದ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡೆ. ಹಿರಿಯ ಫಾರ್ಮಸಿಸ್ಟ್ ಗೋಡೆಯ ಗಡಿಯಾರ ನೋಡುತ್ತಾ ಕೂತರು.

“ಅವರ ಹೆಸರು ನಿಮ್ಮ ಮೇಲ್ ಓದಿಸ್ತು, ಅಷ್ಟೇ,” ಎಂದರು ಮೇಡಂ. “ಕೆಲಸ ಸಿಕ್ಕಿದ್ದು ಆ ಚೀಟಿಗೆ ನೀವು ಕೊಡಲ್ಲ ಅಂದಿದ್ದಕ್ಕೆ. ಪತ್ರ ನಾಳೆ ಬರುತ್ತೆ.”

ಹೊರಗೆ ಬಂದರೆ ಲಿಫ್ಟಿನ ಪಕ್ಕದಲ್ಲೇ ಅವನು, ಏನೂ ಕೆಟ್ಟಿಲ್ಲದ ಗುಂಡಿಯನ್ನು ಬಿಚ್ಚಿ ಒರೆಸುತ್ತಾ ನಿಂತಿದ್ದ.

“ಏನಾಯ್ತು ಅತ್ತಿಗೆ?”

“ಡಾಕ್ಟರ್ ಹಾಗಂದ್ರು ಅಂತ ನನಗೆ ಯಾಕೋ ಹೇಳ್ಲಿಲ್ಲ?”

ಅವನ ಮುಖ ಕೆಂಪಾಯಿತು. “ಓದಿದ್ರಾ ಅದನ್ನ? ಅಯ್ಯೋ! ಹೇಳಿದ್ರೆ ನೀವು ಬಿಡ್ತಿದ್ರಾ? ಸಾಯೋವರೆಗೂ ಆಡ್ಕೋತಿದ್ರಿ.”

“ಈಗಲೂ ಆಡ್ಕೋತೀನಿ. ಇನ್ಮೇಲೆ ದಿನಾ ಇಲ್ಲೇ ಇರ್ತೀನಲ್ಲ.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಾರಿಡಾರಿನಲ್ಲಿ ರೋಗಿಗಳಿದ್ದಾರೆ ಎಂಬುದನ್ನೂ ಮರೆತು, ಬಗ್ಗಿ ನನ್ನ ಕಾಲು ಮುಟ್ಟಿದ. “ಎದ್ದೇಳೋ, ಕೈಯೆಲ್ಲ ಗ್ರೀಸು,” ಎಂದು ಗದರಿದೆ. ಗದರಿಕೆ ಸರಿಯಾಗಿ ಹೊರಡಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟೆ.