ಮೀಟರಿಗೆ ಕಾಣದ ಉಪ್ಪು

ನರ್ಸರಿ ಯಜಮಾನರ ಅಳಿಯನಿಗೆ ಗಿಡದ ವಿಷಯದಲ್ಲಿ ಎದೆ ಸೀಳಿದರೂ ಎರಡಕ್ಷರ ಇರಲಿಲ್ಲ. ಜೇಬಿನಲ್ಲಿ ಮಾತ್ರ ಒಂದು ಮೀಟರ್ ಇತ್ತು. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಅಂಕಿ ತೋರಿಸುವ, ಪೆನ್ನಿನಂಥ ಸಾಮಾನು. ಅದು ಕೈಗೆ ಬಂದಂದಿನಿಂದ ಮಹಾಶಯ ಚಹಾದ ಲೋಟವನ್ನೂ ಬಿಟ್ಟಿರಲಿಲ್ಲ.

ಹದಿನೆಂಟು ವರ್ಷದಿಂದ ಸಸಿ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ಹದ ಮಾಡುತ್ತಿದ್ದ ನಾರಿನಕ್ಕನಿಗೆ ಅವನನ್ನು ಕಂಡರೇ ಮೈ ಉರಿಯುತ್ತಿತ್ತು. ಆ ಸಲ ಪುಡಿಯನ್ನು ಮೂರು ಬಾರಿ ತೊಳೆದು ಬಸಿದಾಗ ಮೀಟರ್ ತೋರಿಸಿದ್ದು ಸೊನ್ನೆ ಪಾಯಿಂಟ್ ನಾಲ್ಕು, ಅಂದರೆ ಉಪ್ಪು ಹೋದಂತೆಯೇ ಲೆಕ್ಕ. ಆಮೇಲೆ ಒಂದು ತೊಟ್ಟಿ ಪುಡಿಯನ್ನು ಅಕ್ಕ ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿದ ನೀರಿನಲ್ಲಿ ಒಂದಿಡೀ ದಿನ ನೆನೆಹಾಕಿದಳು. ಮರುದಿನ ಬಸಿದ ನೀರಿಗೆ ಅಳಿಯ ಮೀಟರ್ ಅದ್ದಿದ. ಒಂದು ಪಾಯಿಂಟ್ ಒಂಬತ್ತು!

"ಏನಮ್ಮ ಇದು? ಶುದ್ಧ ಆಗಿದ್ದನ್ನ ಮತ್ತೆ ಕೆಡಿಸಿಟ್ಟಿದ್ದೀಯಲ್ಲ!"

"ತೊಳೆದ್ರೆ ಹೋಗೋದು ಮೇಲಿನ ಉಪ್ಪು, ಸಾರ್. ಒಳಗೆ ಕಚ್ಚಿಕೊಂಡಿರೋದನ್ನ ಕ್ಯಾಲ್ಸಿಯಂ ಒದ್ದು ಹೊರಗೆ ಹಾಕುತ್ತೆ. ಹೊರಗೆ ಬಂದಿದ್ದೂ ನಾನು ಹಾಕಿದ್ದೂ ಸೇರಿ ಆ ಅಂಕಿ. ಇನ್ನೊಂದು ಸಲ ತೊಳೆದ್ರೆ ಇಳಿಯುತ್ತೆ. ನೆನೆಹಾಕದೆ ಬಿಟ್ರೆ ಸಸಿಗೆ ಕೊಡೋ ಕ್ಯಾಲ್ಸಿಯಮ್ಮನ್ನ ಪುಡೀನೇ ನುಂಗಿಬಿಡುತ್ತೆ."

"ಮೀಟರ್ ಸುಳ್ಳು ಹೇಳುತ್ತಾ? ಇದನ್ನ ಚೆಲ್ಲು. ಉಳಿದಿರೋ ತೊಳೆದ ಪುಡೀಲೇ ನಾನೂರು ಟ್ರೇ ನಾನೇ ಮಾಡಿಸ್ತೀನಿ. ಚೆನ್ನಾಗಿ ಬಂದ್ರೆ ಈ ಶೆಡ್ಡಿಗೆ ನೀನು ಕಾಲಿಡೋ ಹಾಗಿಲ್ಲ. ಅಲ್ಲಿವರೆಗೆ ಹೊರಗೆ ಕಸ ಗುಡಿಸು."

ಥೂ, ಇವನ ಜಾಣತನಕ್ಕಿಷ್ಟು! ಅಕ್ಕ ಪೊರಕೆ ಹಿಡಿದಳು. ಒಳಗೆ ಅಳಿಯ ಪರ್ಲೈಟಿಗೆ ನೀರು ಚಿಮುಕಿಸದೆ, ಪುಡಿಗೆ ಬೆರೆಸುವ ಆ ಬಿಳಿ ಹರಳಿನ ಚೀಲವನ್ನು ಒಣಗಿದ್ದಂತೆಯೇ ಸುರಿಸಿ, ದೂಳು ಕುಡಿದು ಕೆಮ್ಮುತ್ತಿದ್ದ. ಕೆಮ್ಮಲಿ ಬಿಡು ಎಂದುಕೊಂಡಳು. ಅವನು ಚೆಲ್ಲಿಸಿದ್ದರಲ್ಲಿ ಒಂದು ಬಕೆಟ್ ಎತ್ತಿಟ್ಟಿದ್ದಳು. ಅದನ್ನು ಮತ್ತೆ ತೊಳೆದು, ಮೂರು ಪಾಲು ಪುಡಿಗೆ ಒಂದು ಪಾಲು ಒದ್ದೆ ಪರ್ಲೈಟ್ ಬೆರೆಸಿ, ಅಳಿಯ ಬಿತ್ತಿಸಿದ ಬೀಜವನ್ನೇ ಬಿತ್ತಿ, ಒಂದು ಟ್ರೇಯನ್ನು ಮೂಲೆಯ ಬೆಂಚಿಗೆ ಸೇರಿಸಿದಳು.

ಐದನೇ ವಾರ ಯಜಮಾನರು ಬಂದರು. ನಾನೂರು ಟ್ರೇಗಳ ದಪ್ಪ ಮೆಣಸಿನ ಸಸಿಗಳಲ್ಲಿ ಎಳೆ ಎಲೆಗಳು ಮುರುಟಿ, ತುದಿ ಸುಟ್ಟು ನಿಂತಿದ್ದವು. ಅಳಿಯ ಪುಡಿಯನ್ನು ಇನ್ನೂ ಇನ್ನೂ ತೊಳೆಸಬೇಕಿತ್ತು ಎಂದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಮಾತು! ಅಷ್ಟರಲ್ಲಿ ಮೂಲೆಯ ಹಸಿರು ಅವನ ಕಣ್ಣಿಗೆ ಬಿತ್ತು. ನಾಚಿಕೆಗೆಟ್ಟವನು ಓಡಿಹೋಗಿ ಆ ಟ್ರೇ ಎತ್ತಿಕೊಂಡು ಬಂದ.

"ನೋಡಿ ಮಾವ, ಇದು ನನ್ನದೇ. ಬರೀ ನೀರಲ್ಲಿ ತೊಳೆದ ಪುಡಿ."

ನಾರಿನಕ್ಕ ಗುಡಿಸುವುದನ್ನು ನಿಲ್ಲಿಸಿದಳು.

"ಹೌದಾ ಸಾರ್? ಹಾಗಾದ್ರೆ ಈ ನಾನೂರಕ್ಕೆ ಏನು ಹಾಕಿದ್ರಿ?"

ಅಳಿಯ ಟ್ರೇಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಯಜಮಾನರು ಅಕ್ಕನ ಕೈಯಿಂದ ಪೊರಕೆ ತೆಗೆದುಕೊಂಡರು.

"ಹೋಗಕ್ಕ, ತೊಟ್ಟಿ ತುಂಬಿಸು," ಎಂದು ಪೊರಕೆಯನ್ನು ಅಳಿಯನ ಕಡೆ ಚಾಚಿದರು.