ಗುರುವಾರವೇ ಸರಿ

ಊಟದ ಡಬ್ಬಿ ಮುಚ್ಚುತ್ತಿದ್ದಾಗ ಅಕ್ಕನ ಫೋನ್ ಬಂತು. ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ತಂಗಿ ಕೆಲಸದ ಹೊತ್ತಿನಲ್ಲಿ ಮನೆಯವರ ಕರೆ ತೆಗೆಯುವವಳಲ್ಲ. ಆದರೆ ಅಕ್ಕ ಹಿಡಿದ ಪಟ್ಟು ಬಿಡುವವಳೂ ಅಲ್ಲ.

"ಅಂತೂ ರಜೆ ಸಿಕ್ತು ಕಣೇ! ಗುರುವಾರದ ನನ್ನ ಪಾಳಿ ಇನ್ನೊಬ್ಬಳು ಮಾಡ್ತಾಳೆ, ಅವಳ ಭಾನುವಾರ ನಂಗೆ. ಸಭೆಗೆ ಬಂದೇ ಬರ್ತೀನಿ. ಸಂಜೆ ಬಸ್ಸು ಅದ್ಹೇಗೆ ನಿಲ್ಲಿಸ್ತಾರೋ ನೋಡೇಬಿಡೋಣ."

"ಗುರುವಾರ ಯಾಕಕ್ಕ? ಸಭೆ ಬುಧವಾರ."

"ನಿಮ್ಮ ಇಮೇಲ್‌ನಲ್ಲೇ ಗುರುವಾರ ಅಂತಿದೆಯಲ್ಲೇ!"

ತಂಗಿ ಬೆಳಿಗ್ಗೆ ಕಳಿಸಿದ ಇಮೇಲ್ ತೆರೆದಳು. ಮೇಲೆ ಇಂಗ್ಲಿಷ್: ಬುಧವಾರ, ಹದಿಮೂರು. ಕೆಳಗೆ ನಮ್ಮ ಭಾಷೆ: ಗುರುವಾರ, ಹದಿನಾಲ್ಕು. ಮೊದಲು ಗುರುವಾರವೆಂದೇ ನಿಗದಿಯಾಗಿತ್ತು. ಆಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅಂದು ನೆಂಟರ ಮನೆಗೆ ಹೋಗುವುದಿದೆಯೆಂದು ಬುಧವಾರಕ್ಕೆ ತಂದರು. ಅವಳು ಮೇಲಿನದನ್ನು ತಿದ್ದುವಷ್ಟರಲ್ಲಿ ಯಾರೋ ವರ್ಗಾವಣೆ ಪತ್ರ ಕೇಳಿಕೊಂಡು ಬಂದಿದ್ದರು, ಕೆಳಗಿನದು ಹಾಗೇ ಉಳಿದಿತ್ತು. ಮುಖ್ಯೋಪಾಧ್ಯಾಯಿನಿ ಎಂದಿನಂತೆ ಇಂಗ್ಲಿಷ್ ಭಾಗದ ಮೇಲೆ ಕಣ್ಣಾಡಿಸಿ "ಕಳಿಸಮ್ಮ" ಎಂದಿದ್ದರು. ಕೆಳಗಿನದು ಅವಳ ಪಾಲಿಗೆ, ಮೇಲಿನದು ಅವರ ಪಾಲಿಗೆ. ಎರಡನ್ನೂ ಒಟ್ಟಿಗೆ ಓದುವವರು ಯಾರೂ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ಹೋಗುವುದು ಹೆಚ್ಚಾಗಿ ಕಾರ್ಖಾನೆ, ಆಸ್ಪತ್ರೆ ಪಾಳಿಯವರ ಮಕ್ಕಳು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು. ಬಸ್ಸು ನಿಂತರೆ ಅವಳ ಮಗಳು ಶಾಲೆ ಬಿಡಬೇಕು, ಇಲ್ಲವೇ ಅವಳು ಕೆಲಸ ಬಿಡಬೇಕು. ಇವರೆಲ್ಲ ಓದುವುದು ಕೆಳಗಿನ ಅರ್ಧವನ್ನೇ. ಗುರುವಾರ ಬಂದು ನೋಡಿದರೆ ಬಸ್ಸು ಬೇಕೋ ಬೇಡವೋ ಎಂದು ಬುಧವಾರವೇ ಕೈ ಎತ್ತಿ ಮುಗಿದಿರುತ್ತದೆ.

ತಂಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದಳು.

"ಅಯ್ಯೋ ರಾಮ! ಹೋದ ಇಮೇಲ್ ವಾಪಸ್ ತರೋಕಾಗುತ್ತಾ?"

"ಎಲ್ಲರಿಗೂ ತಲುಪಿಬಿಟ್ಟಿದೆ ಮೇಡಂ. ಇನ್ನೊಂದು ಕಳಿಸಬೇಕು, ಅಷ್ಟೇ."

"ಸರಿ. ಬುಧವಾರ ಅಂತ ತಿದ್ದಿ ಕಳಿಸು."

ಇಷ್ಟಕ್ಕೇ ಸುಮ್ಮನಾಗಬಹುದಿತ್ತು. ತಪ್ಪು ಮಾಡಿದವಳು ಮತ್ತೆ ಬಾಯಿ ತೆರೆಯುವುದು ಗಾಯದ ಮೇಲೆ ಬರೆ ಎಳೆದುಕೊಂಡಂತೆ. ಆದರೂ ಅವಳು ಕದಲಲಿಲ್ಲ.

"ಮೇಡಂ, ಗುರುವಾರ ಅಂತ ಓದಿದವರು ಆಗಲೇ ಪಾಳಿ ಬದಲಾಯಿಸಿಕೊಂಡಿದ್ದಾರೆ. ನಮ್ಮಕ್ಕನೂ ಅಷ್ಟೇ. ಮತ್ತೆ ಹೋಗಿ ಬುಧವಾರ ಕೊಡಿ ಅಂದ್ರೆ ಯಾರೂ ಕೊಡಲ್ಲ. ನಾವು ತಿದ್ದಬಹುದು, ಅವರಿಗೆ ತಿದ್ದೋಕಾಗಲ್ಲ."

"ಅಂದ್ರೆ ಸರಿ ಇರೋದನ್ನ ತಿದ್ದಬೇಕು ಅಂತೀಯಾ?"

"ಹೌದು ಮೇಡಂ. ಸಭೇನೇ ಗುರುವಾರಕ್ಕೆ ಹಾಕೋಣ."

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಧ್ಯಕ್ಷರಿಗೆ ಫೋನ್ ಮಾಡಿದರು. ಆ ಕಡೆಯ ಗದರಿಕೆ ಬಾಗಿಲವರೆಗೂ ಕೇಳಿಸುತ್ತಿತ್ತು. ಯಾರ ತಪ್ಪು ಎಂದು ಅಧ್ಯಕ್ಷರು ಎರಡು ಸಲ ಕೇಳಿದರು.

"ನಂದೇ ಸರ್. ಅರ್ಧ ಮಾತ್ರ ಓದಿ ಕಳಿಸು ಅಂದೆ," ಎಂದರು ಮುಖ್ಯೋಪಾಧ್ಯಾಯಿನಿ.

ತಂಗಿ ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದಳು, ಇದಕ್ಕೆ ಸಿದ್ಧಳಾಗಿರಲಿಲ್ಲ. ಅಧ್ಯಕ್ಷರು ನೆಂಟರ ಮನೆಯನ್ನು ಶುಕ್ರವಾರಕ್ಕೆ ಹಾಕಿಕೊಂಡು ಗೊಣಗುತ್ತಲೇ ಒಪ್ಪಿದರು.

ಅವಳು ಬರೆದು ತಂದ ಮೊದಲ ಕರಡಿನಲ್ಲಿ ಇಂಗ್ಲಿಷಿನವರಿಗೆ 'ದಿನ ಬದಲಾಗಿದೆ' ಎಂದಿತ್ತು, ಕೆಳಗೆ 'ನೀವು ಓದಿದ ದಿನವೇ ಸರಿ' ಎಂದಿತ್ತು.

"ಎರಡೂ ಓದಿದವರು ತಲೆ ಕೆರ್ಕೋತಾರೆ. ಈ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಬೇಕಾಗುತ್ತೆ. ಎರಡರಲ್ಲೂ ಒಂದೇ ಮಾತಿರಲಿ," ಎಂದರು ಮುಖ್ಯೋಪಾಧ್ಯಾಯಿನಿ.

ವಿಷಯದ ಸಾಲಿನಲ್ಲೇ ಎರಡೂ ಭಾಷೆಯಲ್ಲಿ ದಿನ ಹಾಕಿದರು. 'ತಿದ್ದುಪಡಿ: ಪೋಷಕರ ಸಭೆ ಗುರುವಾರ, 14.' ಒಳಗೆ: 'ಸಭೆ ಗುರುವಾರ, ಹದಿನಾಲ್ಕರಂದು ಸಂಜೆ ನಾಲ್ಕಕ್ಕೆ. ಬೆಳಗಿನ ಇಮೇಲ್‌ನ ಇಂಗ್ಲಿಷ್ ಭಾಗದಲ್ಲಿ ಬುಧವಾರ ಎಂದಿತ್ತು; ಅದನ್ನು ಬಿಟ್ಟುಬಿಡಿ. ತಪ್ಪು ನಮ್ಮದು, ಕ್ಷಮಿಸಿ.' ಈ ಸಲ ನಮ್ಮ ಭಾಷೆ ಮೇಲೆ ಬಂತು. ತಂಗಿ ಒಂದು ಭಾಷೆಯದನ್ನು ಗಟ್ಟಿಯಾಗಿ ಓದಿದಳು, ಮುಖ್ಯೋಪಾಧ್ಯಾಯಿನಿ ಇನ್ನೊಂದರ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹೋಲಿಸಿದರು. ಬೆಳಿಗ್ಗೆ ಕಳಿಸಿದ ಪೋಷಕರ ಪಟ್ಟಿಗೇ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ, ಇಮೇಲ್ ಹೋಯಿತು. ಗೇಟಿಗೂ ಒಂದು ಪ್ರತಿ ಅಂಟಿಸಿದರು.

ಗುರುವಾರ ಸಭಾಂಗಣದ ಹಿಂದಿನ ಸಾಲುಗಳೆಲ್ಲ ಪಾಳಿಯವರಿಂದ ತುಂಬಿದವು. ಅಕ್ಕ ಎದ್ದು ನಿಂತು ತನ್ನ ಪಾಡನ್ನು ಒಂದೇ ಉಸಿರಿಗೆ ಹೇಳಿದಳು. ಕೈ ಎತ್ತುವ ಹೊತ್ತಿಗೆ ಹಿಂದಿನವರ ಕೈಗಳೇ ಹೆಚ್ಚಾಗಿದ್ದವು. ಬಸ್ಸು ಉಳಿಯಿತು.

ಹೊರಗೆ ಬಂದಾಗ ಅಕ್ಕ ತಂಗಿಯ ಕೈ ಹಿಡಿದು ಜಗ್ಗಿದಳು.

"ಆ ಇಮೇಲ್ ಮೊದಲೇ ಸರಿಯಾಗಿ ಬಂದಿದ್ರೆ ನಾನು ಬರ್ತಾನೇ ಇರ್ಲಿಲ್ಲ ಕಣೇ. ಬುಧವಾರ ಆಪರೇಷನ್ ಬಟ್ಟೆ ಬರೋ ದಿನ, ಸತ್ತರೂ ರಜೆ ಇಲ್ಲ. ಅದಿರಲಿ, ತಪ್ಪು ಬರೆದ ಕತ್ತೆ ಯಾವ್ದು?"

"ನಾನೇ ಅಕ್ಕ."

ಅಕ್ಕ ಅವಳ ತಲೆಗೊಂದು ಮೊಟಕಿ, ಮೊಟಕಿದ ಜಾಗವನ್ನೇ ಸವರಿದಳು. ಸಂಜೆಯ ಬಸ್ಸು ಗೇಟಿನ ಬಳಿ ಬಂದು ನಿಂತಿತ್ತು, ಅಕ್ಕನ ಮಗಳು ಕಿಟಕಿಯಿಂದ ಕೈ ಬೀಸುತ್ತಿದ್ದಳು.