ಉಳಿಕೆ ಮೊಳೆ

ಮೊಳೆಯ ವಿಷಯಕ್ಕೆ ಬಂದರೆ ಕಿರುಗಾವಲಿನ ಬಡಗಿ ಸಿದ್ದೇಶನಿಗೆ ಮೂಗಿನ ತುದಿಯಲ್ಲೇ ಕೋಪ. ಕೊತ್ತತ್ತಿಯ ಶಶಿಧರ್ ಮನೆಗೆ ಬೀರು ಮಾಡುವಾಗ ಯಜಮಾನರನ್ನೇ ಎರಡು ಸಲ ಅಂಗಡಿಗೆ ಅಟ್ಟಿದ ಭೂಪ ಅವನು.

“ಒಂದಿಂಚಿನ ಅಲಗೆ ಸಾ, ಒಂದೂವರೆ ಇಂಚಿನ ಮೊಳೆ ತಂದ್ರೆ ಇನ್ನೊಂದರೊಳಕ್ಕೆ ಓಗೋದು ಬರೀ ಅರ್ಧ ಇಂಚು. ಏನ್ ಕಚ್ಕತದೆ? ಎರಡೂವರೆ ಇಂಚು ತನ್ನಿ. ಇಂದ್ಗಡೆ ಪ್ಲೈವುಡ್ಗೆ ತಲೆ ಇರೋ ಒಂದಿಂಚು. ತಲೆ ಇಲ್ದಿದ್ರೆ ಪ್ಲೈ ಕಿತ್ಕಂಡ್ ಬತ್ತದೆ, ಮೊಳೆ ಅಲ್ಲೇ ನಿಂತಿರ್ತದೆ.”

ಶಶಿಧರ್ ಗೊಣಗಿಕೊಂಡೇ ಹೋಗಿ ತಂದರು. ಆ ಬೀರು ಇವತ್ತಿಗೂ ಅಲುಗಿಲ್ಲ.

ತಂಗಿ ಶಶಿರೇಖಾಳ ಮದುವೆ ಗೊತ್ತಾದಾಗ, “ನನ್ನ ತಂಗಿಗೆ ಅಂಗಡಿ ಬೀರು ಯಾಕೆ? ನಾನೇ ಮಾಡ್ಕೊಡ್ತೀನಿ” ಎಂದು ಸಿದ್ದೇಶ ಎದೆ ತಟ್ಟಿಕೊಂಡ. ಚಿಕ್ಕಂದಿನಿಂದ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೇಳುವ ಮೊದಲೇ ಬೇಕಾದ ಮೊಳೆ ಎತ್ತಿಕೊಡುತ್ತಿದ್ದ ಹುಡುಗಿ ಅವಳು. ಆದರೆ ಮಳವಳ್ಳಿಯಲ್ಲೊಂದು, ಮದ್ದೂರಿನಲ್ಲೊಂದು ಎಂದು ಊರವರ ಕೆಲಸಗಳೇ ಮುಗಿಯಲಿಲ್ಲ. ಮನೆಯದ್ದು ತಾನೇ, ಆಮೇಲೆ ನೋಡಿದರಾಯಿತು ಎಂದು ದೂಡುತ್ತಾ ಬಂದವನು ಕೊನೆಗೆ ಎರಡೇ ದಿನ ಉಳಿದಾಗ ಕೂತ. ಮೊಳೆ ನೋಡಿದರೆ ಬೇಕಾದದ್ದು ಬೇಕಾದಷ್ಟಿಲ್ಲ. ಅಂಗಡಿ ನಾಲ್ಕು ಹೆಜ್ಜೆ ದೂರದಲ್ಲಿ ಬಾಗಿಲು ತೆರೆದುಕೊಂಡೇ ಇತ್ತು. ಅವನು ಏಳಲಿಲ್ಲ. ಬೇರೆಯವರ ಕೆಲಸಗಳಲ್ಲಿ ಉಳಿದ ಮೊಳೆಗಳ ಡಬ್ಬವನ್ನು ನೆಲಕ್ಕೆ ಸುರಿದುಕೊಂಡ.

ಅಡ್ಡಹಲಗೆಗಳಿಗೆ ಒಂದೂವರೆ ಇಂಚಿನದ್ದೇ ಹೊಡೆದ. ಹಿಂಬದಿಯ ಪ್ಲೈವುಡ್‌ಗೆ ತಲೆಯಿಲ್ಲದ ಪಿನ್ನು. ಇಲಿ ಕೊರೆಯದಿರಲೆಂದು ತಳದ ಮುಕ್ಕಾಲಿಂಚು ಹಲಗೆಯ ಅಡಿಗೆ ತೆಳು ತಗಡು ಬಡಿಯುವಾಗ, ಅರ್ಧ ಇಂಚಿನ ಅಗಲ ತಲೆ ಮೊಳೆ ಬೇಕಾದ ಕಡೆ, ಹಿಂಬದಿಗೆ ಸಾಲದೆ ಉಳಿದಿದ್ದ ನಾಲ್ಕಾರು ಒಂದಿಂಚಿನದ್ದೇ ಹಾಕಿದ. ಒಳಗಡೆ ಕಾಲಿಂಚು ಮೊನೆ ಸಾಲಾಗಿ ಇಣುಕಿತು. ಅವನ್ನು ಸುತ್ತಿಗೆಯಿಂದ ಬಗ್ಗಿಸಿ, ಮೇಲೆ ಹಳೆಯ ಪೇಪರ್ ಹಾಸಿದ. ಪಾಲಿಶ್ ಬಳಿದ ಮೇಲೆ ಬೀರು ಮದುಮಗಳ ಹಾಗೇ ಮಿಂಚಿತು. ನೋಡಿದವರೆಲ್ಲ ಹೊಗಳಿದರು, ನಾಚಿಕೆಯಿಲ್ಲದವನು ಹೊಗಳಿಸಿಕೊಂಡ.

ನಾಲ್ಕು ತಿಂಗಳ ಮೇಲೆ ಹನಕೆರೆಯಿಂದ ತಂಗಿ ರೇಖಾಳ ಮಾವ ಕೆಂಪಸಿದ್ದಯ್ಯನವರ ಫೋನು ಬಂತು. “ಸ್ವಲ್ಪ ಬಂದೋಗಪ್ಪ, ಬೀರು ವಿಚಾರ.”

ಹೋಗಿ ನೋಡಿದರೆ ಸುಣ್ಣ ಬಳಿಯಲು ಬೀರನ್ನು ಗೋಡೆಯಿಂದ ಎಳೆದಿದ್ದರು. ಹಿಂಬದಿ ಪೂರ್ತಿ ಕಿತ್ತುಕೊಂಡು ಅಂಗಾತ ಬಿದ್ದಿತ್ತು. ಚೌಕಟ್ಟಿನ ಸುತ್ತ ಪಿನ್ನುಗಳು ಮಾತ್ರ ನೆಟ್ಟಗೆ ನಿಂತಿದ್ದವು. ಎರಡು ಅಡ್ಡಹಲಗೆಗಳು ಜೋತುಬಿದ್ದಿದ್ದವು. ಮೇಷ್ಟರಾಗಿದ್ದ ಕೆಂಪಸಿದ್ದಯ್ಯ ದನಿ ಏರಿಸುವವರಲ್ಲ.

“ನಮ್ ಸೊಸೆ ಇದನ್ನ ಯಾರ್ಗೂ ಮುಟ್ಟಕ್ಕೇ ಬುಡ್ತಿರ್ನಿಲ್ಲ ಕಣಪ್ಪ. ನಮ್ಮಣ್ಣ ಮಾಡಿರದು ಅಂತಿದ್ಲು. ಯಾಕೆ ಅಂತ ಈಗ ಗೊತ್ತಾಯ್ತು.”

ಸಿದ್ದೇಶನ ಮುಖ ಸುಟ್ಟಂತಾಯಿತು. ರೇಖಾ ಗಂಡನ ಮನೆಗೆ ಬಂದ ಮೊದಲ ವಾರವೇ ಎಲ್ಲ ಕಂಡುಕೊಂಡಿದ್ದಳು. ಹಿಂಬದಿ ಬಿದ್ದುಹೋಗದಂತೆ ಬೀರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದಳು. ಹಲಗೆಗಳ ಮೇಲೆ ಹಗುರದ ಬಟ್ಟೆ ಮಾತ್ರ ಇಟ್ಟಿದ್ದಳು. ಬಗ್ಗಿಸಿದ್ದ ಮೊನೆಯೊಂದು ಪೇಪರು ತೂರಿ ಧಾರೆ ಸೀರೆಯ ಸೆರಗನ್ನು ಸೀಳಿತ್ತು, ಅದನ್ನೂ ಮಡಿಕೆಯೊಳಗೆ ಮುಚ್ಚಿಟ್ಟಿದ್ದಳು.

ಅವನು ಅಂಗಡಿಗೆ ಹೋಗಿ ಸರಿಯಾದ ಮೊಳೆ ತಂದ. ಮಧ್ಯಾಹ್ನವಿಡೀ ಕೂತು ಒಂದೊಂದನ್ನೂ ಕಿತ್ತ. ಹಳೆಯ ತೂತು ತಪ್ಪಿಸಿ, ಹಲಗೆ ಸೀಳದಂತೆ ಮೊನೆ ಮೊಂಡು ಮಾಡಿ, ಎರಡೂವರೆ ಇಂಚಿನ ಮೊಳೆಗಳನ್ನು ಸ್ವಲ್ಪ ಸ್ವಲ್ಪ ಓರೆಯಾಗಿ ಹೊಡೆದ. ಪ್ಲೈವುಡ್‌ಗೆ ತಲೆಯಿರುವ ಒಂದಿಂಚು, ಗೇಣಿಗಿಂತ ಹತ್ತಿರ ಹತ್ತಿರ. ತಗಡಿಗೆ ಅರ್ಧ ಇಂಚು. ಬೀರು ಬಂಡೆಯಂತೆ ನಿಂತಿತು. ಕೆಂಪಸಿದ್ದಯ್ಯನವರೇ ಅಲುಗಾಡಿಸಿ ನೋಡಿ ತಲೆದೂಗಿದರು.

“ಈಗ ಜೋಡ್ಸಮ್ಮ, ಏನೂ ಆಗಕ್ಕಿಲ್ಲ” ಎಂದ ಸಿದ್ದೇಶ.

ರೇಖಾ ಅಣ್ಣನಿಗೆ ಕಾಫಿ ಕೊಟ್ಟಳು. ಸೀರೆಗಳನ್ನು ಮಂಚದ ಕೆಳಗಿನ ಟ್ರಂಕಿಗೆ ತುಂಬತೊಡಗಿದಳು.

“ಅದ್ಯಾಕಮ್ಮಿ ರೇಖಾ? ಗಟ್ಟಿ ಮಾಡಿವ್ನಲ್ಲ. ತಪ್ಪಾಯ್ತು, ಮೊಳೆ ಸರಿಯಾಗಿರ್ನಿಲ್ಲ.”

ಅವಳು ತಲೆ ಎತ್ತಲಿಲ್ಲ. ದನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

“ಕೆಲ್ಸ ಬರ್ದೆ ಇರೋನು ಮಾಡಿದ್ರೆ ನಾನು ಬೇಜಾರೇ ಮಾಡ್ಕತಿರ್ನಿಲ್ಲ ಕಣಣ್ಣ. ನಿಂಗೆ ಗೊತ್ತಿತ್ತು.”